ಒಂದೇ ಕೋಡು, ಸ್ಟಾಲ್ ಮಾತ್ರ ಮೂರು ಥರ

ಪ್ರಶ್ನೆ: ಸಾರ್, ನಾನು ಕೋಲಾರದಲ್ಲಿ ಬಿಇ ಎರಡನೇ ವರ್ಷ ಓದ್ತಿದೀನಿ. ಪೈಪ್‌ಲೈನಿಂಗ್ ಸ್ಲೈಡಲ್ಲಿ lw ಆದ್ಮೇಲೆ add ಬಂದ್ರೆ ಎರಡು ಸ್ಟಾಲ್ ಹಾಕಿದಾರೆ, ನಾಲ್ಕು ಸ್ಲೈಡ್ ಮುಂದೆ ಹೋದ್ರೆ ಅದೇ ಕೋಡಿಗೆ ಒಂದೇ ಸ್ಟಾಲ್, ಸೀನಿಯರ್ ಕೊಟ್ಟ ನೋಟ್ಸಲ್ಲಿ ಮೂರು. ಎಕ್ಸಾಮಲ್ಲಿ ಯಾವುದು ಬರೀಲಿ? ಅಸಲಿಗೆ ಯಾಕೆ ನಿಲ್ಬೇಕು ಅನ್ನೋದೇ ತಲೆಗೆ ಹೋಗ್ತಿಲ್ಲ.

ಉತ್ತರ: ಮೂರೂ ಸರಿ ಕಣ್ರಿ. ಒಂದೊಂದ್ರಲ್ಲೂ ಒಳಗಿರೋ ಹಾರ್ಡ್‌ವೇರ್ ಬೇರೆ, ಅಷ್ಟೇ. ಕ್ಲಾಸಲ್ಲಿ ಅದನ್ನ ಬಾಯಲ್ಲಿ ಹೇಳಿರ್ತಾರೆ, ಸ್ಲೈಡಲ್ಲಿ ಆ ಸಾಲು ಇರಲ್ಲ, ಆಮೇಲೆ ಪಿಪಿಟಿ ಮಾತ್ರ ಕೈಗೆ ಸಿಕ್ಕೋರಿಗೆ ಹಿಂಗೆ ತಲೆ ಕೆಡುತ್ತೆ.

ಐದು ಸ್ಟೇಜ್ ನಿಮಗೆ ಗೊತ್ತೇ ಇದೆ. IF ಅಲ್ಲಿ ಇನ್‌ಸ್ಟ್ರಕ್ಷನ್ ತರೋದು, ID ಅಲ್ಲಿ ಅದೇನು ಅಂತ ನೋಡಿ ರಿಜಿಸ್ಟರ್ ಓದೋದು, EX ಅಲ್ಲಿ ಲೆಕ್ಕ, MEM ಅಲ್ಲಿ ಮೆಮೊರಿ ಕೆಲಸ, WB ಅಲ್ಲಿ ಉತ್ತರನ ರಿಜಿಸ್ಟರಿಗೆ ಬರೆಯೋದು. ಇಲ್ಲಿ ಗಮನಿಸ್ಬೇಕಾಗಿರೋದು ಒಂದೇ, ಓದೋದು ಎರಡನೇ ಸ್ಟೇಜಲ್ಲಿ, ಬರೆಯೋದು ಐದನೇದ್ರಲ್ಲಿ. ನಿಮ್ಮ ತೊಂದರೆ ಪೂರ್ತಿ ಈ ಗ್ಯಾಪಲ್ಲೇ ಇದೆ.

ಬಟ್ಟೆ ಒಗೆದು ಒಣಗಿಸಿ ಮಡಚೋ ಉದಾಹರಣೆ ಎಲ್ಲಾ ಕಡೆ ಕೊಡ್ತಾರೆ, ಪೈಪ್‌ಲೈನ್ ಯಾಕೆ ಫಾಸ್ಟ್ ಅಂತ ಹೇಳೋಕೆ ಅದು ಚೆನ್ನಾಗೇ ಇದೆ, ಆದ್ರೆ ಹಜಾರ್ಡ್ ಹೇಳೋಕೆ ಅದು ಆಗಲ್ಲ, ಯಾಕಂದ್ರೆ ಒಬ್ಬನ ಪ್ಯಾಂಟಿಗೂ ಇನ್ನೊಬ್ಬನ ಅಂಗಿಗೂ ಸಂಬಂಧನೇ ಇಲ್ಲ. ನಿಮ್ಮೂರಿನ ಟೊಮೆಟೊ ಮಂಡಿ ತಗೊಳ್ಳಿ. ಹರಾಜಲ್ಲಿ ಒಂದು ಲಾಟಿಗೆ ರೇಟು ನಿಲ್ಲುತ್ತೆ, ಅದನ್ನ ಚೀಟಿಗೆ ಬರೀತಾರೆ, ಚೀಟಿ ಗುಮಾಸ್ತರ ಹತ್ರ ಹೋಗಿ ಬುಕ್ಕಿಗೆ ಏರುತ್ತೆ, ಬಿಲ್ ಹಾಕೋರು ಬುಕ್ ನೋಡಿ ಬಿಲ್ ಹಾಕ್ತಾರೆ ಅಂತ ಇಟ್ಕೊಳ್ಳಿ. ರೇಟು ಆಗ್ಲೇ ನಿಂತಿದೆ ಆದ್ರೆ ಬುಕ್ಕಿಗೆ ಏರಿಲ್ಲ, ಬಿಲ್ಲಿನವರು ಅವಸರಕ್ಕೆ ಬುಕ್ ತೆಗೆದು ನೋಡಿದ್ರೆ ನಿನ್ನೆ ರೇಟು ಕಾಣುತ್ತೆ, ಅದನ್ನೇ ಹಾಕಿ ಕಳಿಸ್ತಾರೆ. ಡೇಟಾ ಹಜಾರ್ಡ್ ಅಂದ್ರೆ ಇದೇ ನಿನ್ನೆ ರೇಟು.

ಈಗ ಕೋಡಿಗೆ ಬರೋಣ. ನಾನು ರಿಸ್ಕ್-ಫೈವ್ ಥರ ಬರೀತೀನಿ, ನಿಮ್ ಸ್ಲೈಡಲ್ಲಿ ಮಿಪ್ಸ್ ಇದ್ರೂ ಕಥೆ ಅದೇ.

```
lw  x5, 0(x10)
add x6, x5, x7
sub x8, x6, x9
```

x5 ಅಲ್ಲಿ ಹಳೇದು 10 ಇದೆ, x10 ಅಲ್ಲಿ 1000 ಅನ್ನೋ ಅಡ್ರೆಸ್ ಇದೆ, ಮೆಮೊರಿಯಲ್ಲಿ ಆ ಜಾಗದಲ್ಲಿ 40 ಇದೆ, x7 ಅಲ್ಲಿ 2. ಉತ್ತರ x6 ಅಲ್ಲಿ 42 ಬರ್ಬೇಕು. ಯಾರೂ ತಡೀಲಿಲ್ಲ ಅಂದ್ರೆ lw 5ನೇ ಸೈಕಲಲ್ಲಿ x5ಗೆ ಬರೆಯುತ್ತೆ, add ಮಾತ್ರ 3ನೇ ಸೈಕಲಲ್ಲೇ x5 ಓದಿಬಿಡುತ್ತೆ, ಸಿಕ್ಕೋದು ಹಳೇ 10, ಉತ್ತರ 12. ಎರರ್ ಬರಲ್ಲ, ಕ್ರ್ಯಾಶ್ ಆಗಲ್ಲ, ಸದ್ದಿಲ್ದೆ ತಪ್ಪು ಉತ್ತರ ಬರುತ್ತೆ. ಸ್ಟಾಲ್ ಇರೋದು ಇದನ್ನ ತಡೆಯೋಕೆ. ಹಂಗಾಗಿ ಸ್ಟಾಲ್ ಅನ್ನೋದು ಮೆಷಿನ್ ತಡವರಿಸೋದಲ್ಲ, ಬೇಕಂತಲೇ ಕಾಯೋದು.

ಮೊದಲು ನಿಮ್ಮ ಎರಡು ಸ್ಟಾಲಿನ ಸ್ಲೈಡ್. ಅಲ್ಲಿ ಬುಕ್ಕಿಗೆ ಏರೋ ತನಕ ಕಾಯ್ಲೇಬೇಕು, ಬೇರೆ ದಾರಿ ಇಲ್ಲ.

```
      1   2   3   4   5   6   7   8
lw    IF  ID  EX  MEM WB
add       IF  ID  ID  ID  EX  MEM WB
```

5ನೇ ಸೈಕಲ್ ನೋಡಿ, lw WB ಅಲ್ಲಿದೆ, add ID ಅಲ್ಲಿದೆ, ಇಬ್ರೂ ಒಂದೇ ಸೈಕಲಲ್ಲಿ ಒಂದೇ ರಿಜಿಸ್ಟರ್ ಮುಟ್ತಿದಾರೆ. ಸೈಕಲಿನ ಮೊದಲರ್ಧದಲ್ಲಿ ಬರೆಯೋದು, ಎರಡನೇ ಅರ್ಧದಲ್ಲಿ ಓದೋದು ಅಂತ ರಿಜಿಸ್ಟರ್ ಫೈಲ್ ಮಾಡಿದ್ರೆ ಇದು ನಡೆಯುತ್ತೆ, ಎರಡೇ ಸ್ಟಾಲ್ ಸಾಕು. ಹಂಗೆ ಮಾಡಿಲ್ಲ ಅಂದ್ರೆ add 6ನೇ ಸೈಕಲಿನವರೆಗೂ ಕಾದು ಓದ್ಬೇಕು, ಮೂರು ಸ್ಟಾಲ್. ನಿಮ್ ಸೀನಿಯರ್ ನೋಟ್ಸ್ ಇದೇ ಲೆಕ್ಕ, ಪಾಪ ಅವರದ್ದೇನೂ ತಪ್ಪಿಲ್ಲ.

ಇನ್ನು ಒಂದು ಸ್ಟಾಲ್. ಮಂಡಿಯಲ್ಲಿ ರೇಟು ನಿಂತ ತಕ್ಷಣ ಹರಾಜು ಕೂಗೋರೇ ಬಿಲ್ಲಿನವರ ಕಡೆ ತಿರುಗಿ ಜೋರಾಗಿ ಹೇಳಿಬಿಟ್ರೆ? ಬುಕ್ಕಿಗೆ ಅದರ ಪಾಡಿಗೆ ಏರಲಿ, ಬಿಲ್ ಯಾಕೆ ನಿಲ್ಬೇಕು. ಫಾರ್ವರ್ಡಿಂಗ್ ಅಂದ್ರೆ ಈ ಕೂಗಿ ಹೇಳೋದು, ಕೆಲವು ಸ್ಲೈಡಲ್ಲಿ ಬೈಪಾಸಿಂಗ್ ಅಂತಾರೆ. EX ಮತ್ತೆ MEM ಮುಗಿದ ಕಡೆಯಿಂದ ಒಂದೊಂದು ವೈರ್ ಎಳೆದು ಎಎಲ್‌ಯು ಬಾಯಿಗೆ ತಂದು ಒಂದು ಮಲ್ಟಿಪ್ಲೆಕ್ಸರ್ ಇಟ್ಟಿರ್ತಾರೆ, ರಿಜಿಸ್ಟರಿಂದ ಓದಿದ್ದು ಬೇಕಾ ಇಲ್ಲ ಈ ವೈರಲ್ಲಿ ಬಂದ ಹೊಸದು ಬೇಕಾ ಅಂತ ಅದು ಆರಿಸುತ್ತೆ.

```
      1   2   3   4   5   6   7   8
lw    IF  ID  EX  MEM WB
add       IF  ID  ID  EX  MEM WB
sub           IF  IF  ID  EX  MEM WB
```

ಇದರಲ್ಲಿ add ಮತ್ತೆ sub ಮಧ್ಯೆ ಸ್ಟಾಲೇ ಇಲ್ಲ ಗಮನಿಸಿದ್ರಾ. sub ಕೂಡ add ಕೊಡೋ x6ಗೆ ಕಾಯ್ತಿದೆ, ಅದೂ ಅಷ್ಟೇ ಅವಲಂಬನೆ, ಆದ್ರೆ add ಉತ್ತರ 5ನೇ ಸೈಕಲ್ ಕೊನೆಗೆ ರೆಡಿ, subಗೆ ಬೇಕಾಗಿರೋದು 6ನೇದರ ಶುರುವಿಗೆ, ಕೂಗಿದ್ರೆ ಕೇಳಿಸ್ತು ಮುಗೀತು. lw ಹಂಗಲ್ಲ. ಅದರ EX ಅಲ್ಲಿ ಆಗೋದು ಅಡ್ರೆಸ್ ಲೆಕ್ಕ ಮಾತ್ರ, ನಿಜವಾದ 40 ಕೈಗೆ ಬರೋದು MEM ಮುಗಿದ್ಮೇಲೆ, ಅಂದ್ರೆ 4ನೇ ಸೈಕಲ್ ಕೊನೆಗೆ. ನಿಲ್ಲದೇ ಬಂದಿದ್ರೆ addಗೆ ಅದು 4ನೇ ಸೈಕಲ್ ಶುರುವಿಗೇ ಬೇಕಿತ್ತು. ಹರಾಜೇ ಮುಗಿದಿಲ್ಲ, ಕೂಗೋರು ಏನಂತ ಕೂಗ್ತಾರೆ? ಅದಕ್ಕೇ ಫಾರ್ವರ್ಡಿಂಗ್ ಇದ್ರೂ ಈ ಒಂದು ಸ್ಟಾಲ್ ಹೋಗಲ್ಲ, ಇದಕ್ಕೇ ಲೋಡ್-ಯೂಸ್ ಹಜಾರ್ಡ್ ಅನ್ನೋದು. ಹಾಗಾಗಿ ಎರಡು ಇನ್‌ಸ್ಟ್ರಕ್ಷನ್ ಮಧ್ಯೆ ಒಂದೇ ರಿಜಿಸ್ಟರ್ ಕಂಡ ತಕ್ಷಣ ಸ್ಟಾಲ್ ಹಾಕ್ಬೇಡಿ, ಉತ್ತರ ಯಾವ ಸೈಕಲ್ ಕೊನೆಗೆ ಹುಟ್ಟುತ್ತೆ, ಯಾವ ಸೈಕಲ್ ಶುರುವಿಗೆ ಬೇಕು, ಇವೆರಡನ್ನೇ ಪೆನ್ಸಿಲಲ್ಲಿ ಗುರುತು ಹಾಕಿ ನೋಡಿ.

ಮೂರು ಇನ್‌ಸ್ಟ್ರಕ್ಷನಿಗೂ ಸೇರಿಸಿದ್ರೆ ಏನೂ ನಿಲ್ಲದಿದ್ರೆ 7 ಸೈಕಲ್, ಫಾರ್ವರ್ಡಿಂಗ್ ಇದ್ರೆ 8. ಇಲ್ದಿದ್ರೆ subಗೂ ಎರಡು ಸ್ಟಾಲ್ ಬಿದ್ದು 11, ಆ ಅರ್ಧ ಸೈಕಲ್ ಟ್ರಿಕ್ಕೂ ಇಲ್ದಿದ್ರೆ 13. ಕೈಯಲ್ಲಿ ಒಂದ್ಸಲ ಬರೆದು ಸರಿ ಹೊಂದುತ್ತಾ ನೋಡ್ಕೊಳ್ಳಿ.

ಈಗ ನಿಲ್ಲಿಸೋದು ಹೆಂಗೆ. ಸ್ಲೈಡಲ್ಲಿ ಬಬಲ್ ಅಂತ ಒಂದು ಮೋಡ ಬರೆದು ಬಿಟ್ಟಿರ್ತಾರೆ, ಒಳಗೆ ನಡೆಯೋದು ಇಷ್ಟು:

```
if (ID/EX.MemRead and
    (ID/EX.rd == IF/ID.rs1 or
     ID/EX.rd == IF/ID.rs2))
  stall
```

ಅಂದ್ರೆ ಮುಂದೆ EX ಅಲ್ಲಿರೋದು ಲೋಡಾ, ಅದು ಬರೆಯೋ ರಿಜಿಸ್ಟರನ್ನೇ ಹಿಂದೆ ID ಅಲ್ಲಿರೋದು ಓದ್ತಿದೆಯಾ ಅಂತ ನೋಡೋದು. ಹೌದು ಅಂದ್ರೆ ಎರಡು ಕೆಲಸ ಒಟ್ಟಿಗೆ ಆಗ್ಬೇಕು. ಒಂದು, PC ಮತ್ತೆ IF/ID ರಿಜಿಸ್ಟರ್ ಅಲ್ಲಾಡ್ದಂಗೆ ಹಿಡಿಯೋದು, ಅದಕ್ಕೇ add ಎರಡು ಸೈಕಲ್ ID ಅಲ್ಲೂ sub ಎರಡು ಸೈಕಲ್ IF ಅಲ್ಲೂ ಇರೋದು, ಇಲ್ಲಿ ಎಷ್ಟೋ ಜನ add ನಿಲ್ಲಿಸಿ subನ ಮುಂದೆ ಬಿಟ್ಟು ಮಾರ್ಕ್ಸ್ ಕಳ್ಕೊತಾರೆ. ಇನ್ನೊಂದು, EX ಕಡೆ ಹೋಗೋ ಕಂಟ್ರೋಲ್ ಸಿಗ್ನಲ್ ಎಲ್ಲಾ ಸೊನ್ನೆ ಮಾಡೋದು, ಆಗ ಏನೂ ಬರೆಯದ ಏನೂ ಮಾಡದ ಖಾಲಿ ಇನ್‌ಸ್ಟ್ರಕ್ಷನ್ ಒಂದು ಮುಂದೆ ಹೋಗುತ್ತೆ. ಬಬಲ್ ಅಂದ್ರೆ ಅದು.

ಈ ಎರಡನೇದನ್ನ ಬಿಟ್ರೆ ಏನಾಗುತ್ತೆ ಅಂತ ನಾನು ಓದೋ ಕಾಲದಲ್ಲಿ ಅನುಭವಿಸಿದೀನಿ. ವೆರಿಲಾಗಲ್ಲಿ ಈ ಪ್ರೊಸೆಸರ್ ಬರೆದಾಗ PC ಹಿಡಿದಿದ್ದೆ, ಸಿಗ್ನಲ್ ಸೊನ್ನೆ ಮಾಡೋದು ಮರೆತಿದ್ದೆ, ಮೇಲಿನ ಕೋಡ್ ಹಾಕಿದ್ರೆ 42 ಸರಿಯಾಗೇ ಬಂತು, ಖುಷಿಯಾಗಿ ಟೀ ಕುಡಿಯೋಕೆ ಹೋದೆ. ನಿಜಕ್ಕೂ ಆಗಿದ್ದೇನಂದ್ರೆ add ಎರಡು ಸಲ ನಡೆದಿತ್ತು. ಮೊದಲ್ನೇ ಸಲ ಫಾರ್ವರ್ಡಿಂಗ್ ವೈರಲ್ಲಿ 40ರ ಬದಲು lw ಲೆಕ್ಕ ಹಾಕಿದ್ದ ಅಡ್ರೆಸ್ 1000 ಬಂದು x6 ಅಲ್ಲಿ 1002, ಮುಂದಿನ ಸೈಕಲಲ್ಲೇ ಎರಡನೇ add ಸರಿಯಾದ 42ನ ಅದರ ಮೇಲೆ ಬರೆದು ತಪ್ಪು ಮುಚ್ಚಿ ಹಾಕಿತ್ತು. ಆಮೇಲೆ ಇನ್ನೊಂದು ಪ್ರೋಗ್ರಾಮಲ್ಲಿ `add x5, x5, x7` ಬಂತು, ಓದೋದೂ x5 ಬರೆಯೋದೂ x5, ಎರಡನೇ add ಮೊದಲ್ನೇದರ ಕೆಟ್ಟ ಉತ್ತರನೇ ತಗೊಂಡು 1004 ಅಂತು. 1000ರ ಹತ್ರದ ನಂಬರ್ ಕಂಡಾಗ್ಲೇ ಇದು ಅಡ್ರೆಸ್ ಅಂತ ಹೊಳೀಬೇಕಿತ್ತು, ನನಗೆ ಎರಡು ದಿನ ಹಿಡೀತು. ನೀವು ಸಿಮ್ಯುಲೇಟರಲ್ಲಿ ಆಡೋವಾಗ ಉತ್ತರದಲ್ಲಿ ಅಡ್ರೆಸ್ ಥರದ ನಂಬರ್ ಕಂಡ್ರೆ ಮೊದ್ಲು ಲೋಡ್ ಆದ್ಮೇಲಿನ ಬಬಲ್ ನೋಡಿ.

ಈ ಒಂದು ಸ್ಟಾಲನ್ನೂ ಕಂಪೈಲರ್ ಎಷ್ಟೋ ಸಲ ಮರೆಮಾಡುತ್ತೆ. lw ಮತ್ತೆ add ಮಧ್ಯೆ ಸಂಬಂಧ ಇಲ್ಲದ ಇನ್ನೊಂದು ಕೆಲಸ, ಅಂದ್ರೆ ಹೆಂಗಿದ್ರೂ ಮುಂದೆ ಮಾಡ್ಲೇಬೇಕಾದ `lw x11, 4(x10)` ತಂದು ಇಟ್ರೆ ಆ ಸೈಕಲ್ ದಂಡ ಆಗಲ್ಲ. ಆದ್ರೆ ಎಲ್ಲಾ ಸಲ ಆಗಲ್ಲ, ಆ ಲೋಡಿಗೂ ಈ ಜಾಗಕ್ಕೂ ಮಧ್ಯೆ ಒಂದು ಸ್ಟೋರ್ ಇದ್ದು ಇಬ್ಬರ ಅಡ್ರೆಸ್ ಒಂದೇ ಇರಬಹುದು ಅಂದ್ರೆ ದಾಟಿಸೋಕೆ ಕಂಪೈಲರಿಗೆ ಧೈರ್ಯ ಬರಲ್ಲ. ಇನ್ನೊಂದು ಮಜಾ, ಸ್ಟ್ಯಾನ್‌ಫರ್ಡಲ್ಲಿ 1981ರಲ್ಲಿ ಜಾನ್ ಹೆನ್ನೆಸಿ ತಂಡ ಮಿಪ್ಸ್ ಶುರು ಮಾಡಿದಾಗ ಆ ಹೆಸರಿನ ಅರ್ಥನೇ ಇಂಟರ್‌ಲಾಕ್ ಇಲ್ಲದ ಪೈಪ್‌ಲೈನ್ ಅಂತ ಇತ್ತು, ಅಂದ್ರೆ ಮೇಲೆ ಬರೆದ ಆ ಚೆಕ್ಕೇ ಹಾರ್ಡ್‌ವೇರಲ್ಲಿ ಬೇಡ, ಲೋಡ್ ಆದ್ಮೇಲೆ ಏನಿಡಬೇಕು ಅಂತ ಸಾಫ್ಟ್‌ವೇರ್ ನೋಡ್ಕೊಳ್ಳಲಿ, ಏನೂ ಸಿಗದಿದ್ರೆ ಒಂದು nop ಹಾಕಲಿ ಅಂತ. ಮುಂದಿನ ಮಿಪ್ಸ್ ಚಿಪ್‌ಗಳಲ್ಲಿ ಆ ಚೆಕ್ ವಾಪಸ್ ಬಂತು, ಹೆಸರು ಮಾತ್ರ ಹಂಗೇ ಉಳೀತು.

ಎಕ್ಸಾಮಿಗೆ: ಪ್ರಶ್ನೆಯಲ್ಲಿ ಫಾರ್ವರ್ಡಿಂಗ್ ಇದೆ ಅಂತ ಕೊಟ್ಟಿದ್ರೆ ಒಂದು ಸ್ಟಾಲ್ ಹಾಕಿ. ಇಲ್ಲ ಅಂತ ಕೊಟ್ಟಿದ್ರೆ ಮೊದಲರ್ಧದಲ್ಲಿ ಬರೆದು ಎರಡನೇ ಅರ್ಧದಲ್ಲಿ ಓದುತ್ತೆ ಅಂತ ಹಿಡ್ಕೊಂಡು ಎರಡು ಹಾಕಿ, ಹೆಚ್ಚಿನ ಕಡೆ ಅದೇ ರೂಢಿ. ಏನೂ ಕೊಟ್ಟಿಲ್ಲ ಅಂದ್ರೆ ಟೇಬಲ್ ಹಾಕೋ ಮೊದ್ಲು ನೀವು ಯಾವ ಹಾರ್ಡ್‌ವೇರ್ ಅಂತ ಹಿಡ್ಕೊಂಡಿದೀರಾ ಅಂತ ಒಂದು ಸಾಲು ಬರೆದೇ ಶುರು ಮಾಡಿ, ವ್ಯಾಲ್ಯುಯೇಷನ್ ಮಾಡೋರಿಗೆ ಆ ಸಾಲು ಇಲ್ದಿದ್ರೆ ನಿಮ್ಮ ಎರಡು, ಅವರ ಸ್ಕೀಮಿನ ಒಂದು, ಎರಡೂ ಹೊಂದಲ್ಲ.