ಹಾಜರಾತಿಯ 4 ಅಂಕ ಹೋದರೆ ಪರೀಕ್ಷೆಯಲ್ಲಿ ಎಷ್ಟು ಬೇಕು?

“ಹೊಸನಗರದಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುತ್ತೇನೆ. ಮಳೆಯಿಂದ 60 ತರಗತಿಗಳಲ್ಲಿ 42ಕ್ಕೆ ಮಾತ್ರ ಹಾಜರಿ. ಇನ್ನು 20 ಉಳಿದಿವೆ. ಆಂತರಿಕ 20ರಲ್ಲಿ ಹಾಜರಾತಿಗೆ 5: 95%ಕ್ಕೆ ಪೂರ್ತಿ, 75ರಿಂದ 80%ಕ್ಕೆ 1. ಟೆಸ್ಟ್, ಅಸೈನ್‌ಮೆಂಟ್ ಸೇರಿ 9 ಬಂದಿದೆ. ಪಾಸಾಗಲು ಒಟ್ಟು 40, ಲಿಖಿತ 80ರಲ್ಲಿ ಕನಿಷ್ಠ 28 ಬೇಕು. ನನಗೆ ಎಷ್ಟು ಬೇಕಾಗುತ್ತದೆ?”

ಉಳಿದ ಎಲ್ಲ ತರಗತಿಗಳಿಗೂ ಹಾಜರಾದರೆ 80ಕ್ಕೆ 62, ಅಂದರೆ 77.5% ಆಗಿ ನಿಮಗೆ 1 ಅಂಕ ಸಿಗುತ್ತದೆ. ಆಗ ಆಂತರಿಕ ಮೊತ್ತ 10 ಆಗುವುದರಿಂದ ಲಿಖಿತ ಪರೀಕ್ಷೆಯಲ್ಲಿ 30 ಬೇಕಾಗುತ್ತದೆ.

ಪೂರ್ತಿ ಹಾಜರಾತಿ ಇದ್ದಿದ್ದರೆ ಮೊತ್ತ 14 ಆಗಿ, ಲೆಕ್ಕದ ಪ್ರಕಾರ 26 ಸಾಕಾಗುತ್ತಿತ್ತು. ಆದರೆ ಲಿಖಿತದ ಕನಿಷ್ಠ ಮಿತಿಯೇ 28 ಆಗಿರುವುದರಿಂದ ಆ ಹೆಚ್ಚುವರಿ 2 ಅಂಕಗಳು ಉತ್ತೀರ್ಣರಾಗುವ ಮಟ್ಟಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಹೀಗಾಗಿ 4 ಅಂಕ ಕಳೆದುಕೊಂಡರೂ ನಿಮ್ಮ ಮೇಲೆ ಬಿದ್ದಿರುವ ಹೆಚ್ಚಿನ ಹೊರೆ 2 ಅಂಕ ಮಾತ್ರ. ಪ್ರಥಮ ದರ್ಜೆಯ 60 ನಿಮ್ಮ ಗುರಿಯಾಗಿದ್ದರೆ ಈ ರಿಯಾಯಿತಿ ಇರುವುದಿಲ್ಲ: 46ರ ಬದಲು 50 ತೆಗೆಯಬೇಕು, ನಷ್ಟವಾದ ನಾಲ್ಕನ್ನೂ ಉತ್ತರಪತ್ರಿಕೆಯಲ್ಲೇ ತುಂಬಿಕೊಳ್ಳಬೇಕು.

ನನಗೆ ಹೆಚ್ಚು ಆತಂಕವಾಗುವುದು ಅಂಕದ ಬಗ್ಗೆ ಅಲ್ಲ, 75%ರ ಗಡಿಯ ಬಗ್ಗೆ. ಸಾಮಾನ್ಯವಾಗಿ ಅದಕ್ಕಿಂತ ಕೆಳಗಿಳಿದವರಿಗೆ ಪರೀಕ್ಷೆಗೆ ಕೂರಲು ಅನುಮತಿಯೇ ಸಿಗುವುದಿಲ್ಲ. 80 ತರಗತಿಗಳಿಗೆ 20 ಗೈರುಹಾಜರಿಯಷ್ಟೇ ಅವಕಾಶವಿದ್ದು, ನಿಮ್ಮದು ಈಗಾಗಲೇ 18 ಆಗಿದೆ. ಮಳೆಗೆ ಇನ್ನು ಮೂರು ತರಗತಿ ತಪ್ಪಿದರೂ ಗಡಿ ದಾಟುತ್ತದೆ, ಆದ್ದರಿಂದ ಸಾಧ್ಯವಾದರೆ ಈ ಕೆಲವು ವಾರ ಶಿವಮೊಗ್ಗದಲ್ಲೇ ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿದುಕೊಳ್ಳಿ. ಆಂತರಿಕ ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ಹಾಜರಾತಿಯ ಅಂಕಣವನ್ನು ನಿಮ್ಮ ಲೆಕ್ಕದೊಂದಿಗೆ ತಾಳೆ ನೋಡಿ.