ಜಾಬ್ ಗ್ಯಾರಂಟಿ ಕೋರ್ಸ್‌ಗೆ ಹಣ ಕಟ್ಟುವ ಮೊದಲು

ಪ್ರಶ್ನೆ: ಆರು ತಿಂಗಳ ಆನ್‌ಲೈನ್ ಡೇಟಾ ಸೈನ್ಸ್ ಕೋರ್ಸ್, ಫೀಸು 1,20,000 ರೂ. ನೂರಕ್ಕೆ ನೂರು ಜಾಬ್ ಗ್ಯಾರಂಟಿ, ಕೆಲಸ ಸಿಗದಿದ್ದರೆ ಹಣ ವಾಪಸ್ ಅಂತಾರೆ. ಇವತ್ತೇ 5,000 ಕಟ್ಟಿ ಸೀಟ್ ಬುಕ್ ಮಾಡಿ, ಉಳಿದದ್ದು ಬಡ್ಡಿಯಿಲ್ಲದ ಇಎಂಐ ಅಂತ ಹೇಳ್ತಿದ್ದಾರೆ. ನಂಬಬಹುದಾ?

ಇವತ್ತು ಹಣ ಕಟ್ಟಬೇಡಿ. ಫೋನಿನಲ್ಲಿ ಕೇಳಿದ್ದು ಗ್ಯಾರಂಟಿ ಅಲ್ಲ. ಗ್ಯಾರಂಟಿ ಅಂತ ಏನಾದರೂ ಇದ್ದರೆ ಅದು ಅವರ ಒಪ್ಪಂದ ಪತ್ರದಲ್ಲಿ ಇರುತ್ತದೆ. ಆ ಪಿಡಿಎಫ್ ಅನ್ನು ಹಣ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕಳಿಸಿ ಅಂತ ಕೇಳಿ. ‘ಸೀಟ್ ಬುಕ್ ಆದ ಮೇಲೆ ಕಳಿಸ್ತೀವಿ’ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಷರತ್ತು ತೋರಿಸದೆ ಹಣ ಕೇಳುವವರನ್ನು ನಂಬಲು ಕಾರಣವೇ ಇಲ್ಲ.

ಒಪ್ಪಂದ ಕೈಗೆ ಬಂದರೆ ಮೊದಲು ‘ರಿಫಂಡ್’ ಅನ್ನುವ ಭಾಗ ಓದಿ. ಸಾಮಾನ್ಯವಾಗಿ ಅಲ್ಲಿ ಷರತ್ತುಗಳ ಸಾಲೇ ಇರುತ್ತದೆ: ಶೇ. 90 ಹಾಜರಾತಿ, ಎಲ್ಲ ಅಸೈನ್‌ಮೆಂಟ್ ಗಡುವಿನೊಳಗೆ, ಪ್ರತಿ ಪರೀಕ್ಷೆಯಲ್ಲೂ ಇಷ್ಟು ಅಂಕ, ವಾರಕ್ಕೆ ಇಷ್ಟು ಕಡೆ ಅರ್ಜಿ, ಬಂದ ಯಾವ ಆಫರನ್ನೂ ನಿರಾಕರಿಸುವಂತಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ರಿಫಂಡ್ ಇಲ್ಲ. ಜ್ವರ ಬಂದು ಮೂರು ವಾರ ಕ್ಲಾಸ್ ತಪ್ಪಿದರೆ ಹಾಜರಾತಿ ಹೋಯಿತು. ಎಲ್ಲಕ್ಕಿಂತ ಅಪಾಯದ ಸಾಲು ‘ಆಫರ್’ ಅನ್ನುವುದಕ್ಕೆ ಅವರು ಕೊಟ್ಟಿರುವ ಅರ್ಥ. ಕನಿಷ್ಠ ಸಂಬಳ, ಹುದ್ದೆ, ಊರು ಬರೆದಿಲ್ಲ ಅಂದರೆ ತಿಂಗಳಿಗೆ 12,000ದ ಟೆಲಿಕಾಲರ್ ಕೆಲಸವೂ ಆಫರೇ, ಮೂರು ತಿಂಗಳ ಇಂಟರ್ನ್‌ಶಿಪ್ಪೂ ಆಫರೇ. ಅದನ್ನು ಬೇಡ ಅಂದರೆ ಮಾತು ಮುರಿದವರು ನೀವಾಗುತ್ತೀರಿ.

ಇನ್ನು ‘ಶೇ. 90 ಪ್ಲೇಸ್‌ಮೆಂಟ್’ ಅನ್ನುವ ಲೆಕ್ಕ. ಒಂದು ಬ್ಯಾಚಿಗೆ 200 ಜನ ಸೇರಿದರು ಅಂತ ಇಟ್ಟುಕೊಳ್ಳಿ. 110 ಜನ ಮುಗಿಸಿದರು. ಅವರಲ್ಲಿ ಸಂಸ್ಥೆಯ ಷರತ್ತು ಪೂರೈಸಿ ‘ಅರ್ಹ’ ಅನ್ನಿಸಿಕೊಂಡವರು 60. ಕೆಲಸ ಸಿಕ್ಕಿದ್ದು 54 ಜನಕ್ಕೆ. 60ಕ್ಕೆ 54 ಅಂದರೆ ಶೇ. 90, ಸುಳ್ಳಲ್ಲ. ಆದರೆ ಹಣ ಕಟ್ಟಿದ 200 ಜನರ ಲೆಕ್ಕದಲ್ಲಿ ಅದು ಶೇ. 27. ಹಾಗಾಗಿ ಇಮೇಲ್‌ನಲ್ಲೇ ಕೇಳಿ: ಒಂದು ವರ್ಷದ ಹಿಂದೆ ಮುಗಿದ ಬ್ಯಾಚಿಗೆ ಹಣ ಕಟ್ಟಿದವರೆಷ್ಟು, ಅವರಲ್ಲಿ ಡೇಟಾ ಕೆಲಸವೇ ಸಿಕ್ಕಿದವರೆಷ್ಟು, ಅವರ ಸಂಬಳಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಟ್ಟರೆ ಸರಿಯಾಗಿ ನಡುವೆ ಬರುವ ಸಂಬಳ ಎಷ್ಟು? ‘ಅತಿ ಹೆಚ್ಚು ಪ್ಯಾಕೇಜ್’ ಒಬ್ಬರದು, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಉತ್ತರ ಏನೇ ಬರಲಿ, ನೀವೂ ಪರೀಕ್ಷಿಸಿ. ಲಿಂಕ್ಡ್‌ಇನ್‌ನಲ್ಲಿ ಸಂಸ್ಥೆಯ ಹೆಸರು ಹಾಕಿ ಅಲ್ಲಿ ಕಲಿತವರನ್ನು ಹುಡುಕಿ. ಸಂಸ್ಥೆಯವರೇ ಕೊಟ್ಟ ನಂಬರುಗಳು ಬೇಡ, ನೀವೇ ಐದಾರು ಜನರನ್ನು ಆರಿಸಿ. ಅವರ ಈಗಿನ ಕೆಲಸ ಶುರುವಾದ ತಿಂಗಳು ಮತ್ತು ಕೋರ್ಸ್‌ನ ತಿಂಗಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೋರ್ಸಿಗೆ ಸೇರುವ ಮೊದಲೇ ಐಟಿ ಕೆಲಸದಲ್ಲಿದ್ದವರು ‘ಯಶಸ್ಸಿನ ಕಥೆ’ಗಳಲ್ಲಿ ಬಹಳ ಸಲ ಸಿಗುತ್ತಾರೆ. ಹೊಸಬರಾದ ನಿಮಗೆ ಅವರ ಸಂಬಳ ಅಳತೆಗೋಲಲ್ಲ.

ನನಗೆ ಹೆಚ್ಚು ಆತಂಕ ಇರುವುದು ಆ ‘ಇಎಂಐ’ ಬಗ್ಗೆ. ಇದು ಬಹುತೇಕ ಕಂತಿನ ಫೀಸಲ್ಲ, ನಿಮ್ಮ ಹೆಸರಿನ ಸಾಲ. ಸಾಲ ಕೊಡುವ ಕಂಪನಿ ಪೂರ್ತಿ ಹಣವನ್ನು ಮೊದಲ ದಿನವೇ ಸಂಸ್ಥೆಗೆ ಕೊಡುತ್ತದೆ. ಆಮೇಲೆ ಕ್ಲಾಸ್ ನಿಂತರೂ, ಸಂಸ್ಥೆಯೇ ಬಾಗಿಲು ಹಾಕಿದರೂ ಸಾಲದ ಕಂಪನಿ ಕಂತು ಕೇಳುವುದು ನಿಮ್ಮನ್ನೇ. ಕಟ್ಟದಿದ್ದರೆ ಕೆಡುವುದು ನಿಮ್ಮ ಸಿಬಿಲ್ ಸ್ಕೋರ್. ಆದ್ದರಿಂದ ‘ಸೀಟ್ ರಿಜಿಸ್ಟ್ರೇಷನ್’ಗೆ ಅಂತ ಪಾನ್, ಆಧಾರ್, ಸೆಲ್ಫಿ ಕೇಳಿದರೆ ಕೊಡಬೇಡಿ. ಓಟಿಪಿ ಬಂದರೆ ಮೆಸೇಜ್ ಪೂರ್ತಿ ಓದಿ: ಅದರಲ್ಲಿ ಸಾಲದ ಕಂಪನಿಯ ಹೆಸರೋ, ಆಟೋ ಡೆಬಿಟ್ ಅನ್ನುವ ಮಾತೋ ಇದ್ದರೆ ನಡೆಯುತ್ತಿರುವುದು ಸಾಲದ ಅರ್ಜಿ. ಯಾರಿಗೂ ಆ ಸಂಖ್ಯೆ ಹೇಳಬೇಡಿ.

ಈಗಾಗಲೇ ಸಹಿ ಆಗಿದ್ದರೆ ತಡಮಾಡಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಡಿಜಿಟಲ್ ಸಾಲಕ್ಕೆ ‘ಕೂಲಿಂಗ್ ಆಫ್’ ಅವಧಿ ಇರಲೇಬೇಕು, ಕನಿಷ್ಠ ಒಂದು ದಿನ. ಎಷ್ಟು ದಿನ ಅನ್ನುವುದು ಸಾಲದ ಮುಖ್ಯ ಷರತ್ತುಗಳನ್ನು ತಿಳಿಸುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಅನ್ನುವ ಪತ್ರದಲ್ಲಿರುತ್ತದೆ. ಅದರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಅಸಲು ಸಂಸ್ಥೆಯ ಬಳಿ ಸೇರಿರುವುದರಿಂದ ಸಾಲದ ಕಂಪನಿಗೂ ಸಂಸ್ಥೆಗೂ ಒಂದೇ ದಿನ ಇಮೇಲ್ ಮಾಡಿ, ಅಡ್ಮಿಷನ್ ರದ್ದು ಮಾಡಿ ಹಣ ಮರಳಿಸಿ ಅಂತ ಬರೆಯಿರಿ. ಸಂಸ್ಥೆ ಒಪ್ಪದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸಾಲದ ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ cms.rbi.org.in ನಲ್ಲಿ ದೂರು ಹಾಕಬಹುದು. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸ್ಆ್ಯಪ್ ಚಾಟ್, ಹಣ ಕಟ್ಟಿದ ರಸೀದಿ ಇವನ್ನು ಇವತ್ತೇ ಉಳಿಸಿಕೊಳ್ಳಿ, ಜಗಳ ಶುರುವಾದ ಮೇಲೆ ಆ ಜಾಹೀರಾತು ಅಲ್ಲಿರುತ್ತದೆ ಅನ್ನುವ ನಂಬಿಕೆ ಇಲ್ಲ.