ದೊಡ್ಡವರ ಮಾತ್ರೆಯನ್ನು ಮುರಿದು ಮಗುವಿಗೆ ಕೊಡಬಹುದಾ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ, ತೂಕ 14 ಕೆ.ಜಿ. ಮೊನ್ನೆ ರಾತ್ರಿ ಜ್ವರ ಬಂದಾಗ ಸಿರಪ್ ಖಾಲಿಯಾಗಿತ್ತು. ಮನೆಯಲ್ಲಿದ್ದ 650ರ ಪ್ಯಾರಸಿಟಮಾಲ್ ಮಾತ್ರೆಯಲ್ಲಿ ಅರ್ಧ ಮುರಿದು, ಪುಡಿ ಮಾಡಿ, ನೀರಲ್ಲಿ ಕಲಸಿ ಕುಡಿಸಿದೆ. ಜ್ವರ ಇಳಿಯಿತು, ಏನೂ ತೊಂದರೆ ಆಗಲಿಲ್ಲ. ಆದರೆ ಮನಸ್ಸಿಗೆ ಸಮಾಧಾನ ಇಲ್ಲ. ಗೆರೆ ಇರುವ ಮಾತ್ರೆಯನ್ನು ಮುರಿಯಬಹುದು ಅಂತಾರೆ, ನಿಜವಾ? ಯಾವುದನ್ನು ಪುಡಿ ಮಾಡಲೇಬಾರದು? ಸಿರಪ್ ಕೊಟ್ಟರೆ ಇವಳು ಉಗುಳುತ್ತಾಳೆ, ಬೇರೆ ದಾರಿ ಇದೆಯಾ?

ಉತ್ತರ: ಮೊದಲು ಸಮಾಧಾನದ ಮಾತು ಹೇಳಿಬಿಡುತ್ತೇನೆ. ಒಂದೇ ಒಂದು ಸಲ ಕೊಟ್ಟ ಆ ಅರ್ಧ ಮಾತ್ರೆಯಿಂದ ನಿಮ್ಮ ಮಗಳಿಗೆ ಹಾನಿ ಆಗುವುದಿಲ್ಲ. ಆದರೆ ಅದು ಅವಳಿಗೆ ಜಾಸ್ತಿ ಡೋಸೇ. ಅದನ್ನೇ ಮತ್ತೆ ಮತ್ತೆ ಕೊಟ್ಟಿದ್ದರೆ ಕಥೆ ಬೇರೆ ಆಗುತ್ತಿತ್ತು.

ಲೆಕ್ಕ ಸುಲಭ. ಮಕ್ಕಳಿಗೆ ಪ್ಯಾರಸಿಟಮಾಲ್ ಕೊಡುವುದು ವಯಸ್ಸು ನೋಡಿ ಅಲ್ಲ, ತೂಕ ನೋಡಿ. ಒಂದು ಸಲಕ್ಕೆ ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. 14 ಕೆ.ಜಿ.ಯ ಮಗುವಿಗೆ ಇದು 140ರಿಂದ 210 ಮಿ.ಗ್ರಾಂ ಆಗುತ್ತದೆ. ನೀವು ಕೊಟ್ಟ ಅರ್ಧ ಮಾತ್ರೆಯಲ್ಲಿದ್ದದ್ದು 325. ಅಂದರೆ ಕೆ.ಜಿ.ಗೆ ಸುಮಾರು 23 ಮಿ.ಗ್ರಾಂ. ಅದೇ ಅರ್ಧವನ್ನು ದಿನಕ್ಕೆ ನಾಲ್ಕು ಸಲ ಕೊಟ್ಟರೆ 1300 ಮಿ.ಗ್ರಾಂ. ಈ ತೂಕದ ಮಗುವಿಗೆ ಇಡೀ ದಿನಕ್ಕೆ 840 ಮಿ.ಗ್ರಾಂ ದಾಟದಂತೆ ನೋಡಿಕೊಳ್ಳುವುದು ಕ್ಷೇಮ. ಎರಡು ಮೂರು ದಿನ ಹೀಗೇ ಮಿತಿ ಮೀರಿ ಕೊಟ್ಟರೆ ಲಿವರ್‌ಗೆ ಪೆಟ್ಟು ಬೀಳಬಹುದು. ಅದರಲ್ಲೂ ಜ್ವರದಲ್ಲಿ ಊಟ ಬಿಟ್ಟ ಮಗುವಾದರೆ ಅಪಾಯ ಇನ್ನೂ ಹೆಚ್ಚು.

ಹೆದರಿಕೆ ಏನೆಂದರೆ, ಲಿವರ್‌ಗೆ ಏಟು ಬಿದ್ದರೂ ಮೊದಲ ದಿನ ಏನೂ ಕಾಣದೇ ಇರಬಹುದು. ಸ್ವಲ್ಪ ವಾಂತಿ, ಸುಸ್ತು, ಊಟ ಬೇಡ ಅನ್ನುವುದು, ಅಷ್ಟೇ. ಜ್ವರದ ಮಗು ಹೇಗೂ ಹಾಗೇ ಇರುತ್ತದೆ ಅಲ್ವಾ? ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಕಣ್ಣು ಹಳದಿಯಾಗುವುದು, ಇವೆಲ್ಲ ಕಾಣುವುದು ಎರಡು ಮೂರು ದಿನ ಕಳೆದ ಮೇಲೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿವಿಷ ಇದೆ. ಬೇಗ ಕೊಟ್ಟಷ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಡೋಸ್ ಹಲವು ಸಲ ಜಾಸ್ತಿ ಹೋಗಿದೆ ಅಂತ ಗೊತ್ತಾದರೆ, ಮಗು ಆಟವಾಡಿಕೊಂಡಿದ್ದರೂ ಆಸ್ಪತ್ರೆಗೆ ಹೋಗಿ. ಲಕ್ಷಣ ಬರಲಿ ಅಂತ ಕಾಯಬೇಡಿ. ಹೋಗುವಾಗ ಮಾತ್ರೆಯ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ.

ಈಗ ಆ ಗೆರೆಯ ವಿಷಯ. ಗೆರೆ ಇದ್ದ ಮಾತ್ರಕ್ಕೆ ಎರಡೂ ಕಡೆ ಸಮ ಔಷಧ ಇರುತ್ತದೆ ಅಂತ ಖಾತ್ರಿ ಇಲ್ಲ. ಕೆಲವು ಮಾತ್ರೆಗಳಲ್ಲಿ ಅದು ಡೋಸ್ ಅರ್ಧ ಮಾಡಲೆಂದೇ ಹಾಕಿದ ಗೆರೆ. ಇನ್ನು ಕೆಲವದರಲ್ಲಿ ದೊಡ್ಡ ಮಾತ್ರೆಯನ್ನು ಎರಡು ತುಂಡು ಮಾಡಿ ಎರಡನ್ನೂ ನುಂಗಲಿ ಅಂತ ಹಾಕಿದ ಗೆರೆ. ಯಾವುದು ಯಾವುದು ಅನ್ನುವುದು ಮಾತ್ರೆಯ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಇರುತ್ತದೆ. ಔಷಧ ಅಂಗಡಿಯ ಫಾರ್ಮಸಿಸ್ಟ್ ಕೂಡ ನೋಡಿ ಹೇಳಬಲ್ಲರು. ಕೈಯಿಂದ ಮುರಿದಾಗ ಒಂದು ತುಂಡು ದೊಡ್ಡದು, ಒಂದು ಚಿಕ್ಕದು, ತಟ್ಟೆಯಲ್ಲಿ ಒಂದಿಷ್ಟು ಪುಡಿ. ಕಾಲು ಮಾಡಲು ಹೋದರೆ ಈ ವ್ಯತ್ಯಾಸ ಇನ್ನೂ ಜಾಸ್ತಿಯಾಗುತ್ತದೆ. ದೊಡ್ಡವರಿಗೆ ಇಷ್ಟು ಹೆಚ್ಚುಕಮ್ಮಿ ಲೆಕ್ಕಕ್ಕೆ ಬಾರದೇ ಇರಬಹುದು. ಮಗುವಿಗೆ ಬೇಕಾದ ಡೋಸೇ ಚಿಕ್ಕದು, ಅದರಲ್ಲಿ ಈ ಹೆಚ್ಚುಕಮ್ಮಿ ದೊಡ್ಡದಾಗಿ ನಿಲ್ಲುತ್ತದೆ. ಫಿಟ್ಸ್ ಅಥವಾ ಹೃದಯದ ಔಷಧವಾದರಂತೂ ಇದು ಆಟವಲ್ಲ.

ಬಹಳ ಜನ ಇದಕ್ಕೊಂದು ಉಪಾಯ ಮಾಡುತ್ತಾರೆ. ಇಡೀ ಮಾತ್ರೆಯನ್ನು ಪುಡಿ ಮಾಡಿ 10 ಮಿ.ಲೀ. ನೀರಲ್ಲಿ ಕಲಸಿ, ಅದರಲ್ಲಿ 3 ಮಿ.ಲೀ. ತೆಗೆದು ಕುಡಿಸುವುದು. ಕೇಳಲು ಸರಿಯಾಗಿಯೇ ಇದೆ, ಆದರೆ ಔಷಧ ನೀರಲ್ಲಿ ಪೂರ್ತಿ ಕರಗಿದರೆ ಮಾತ್ರ ಈ ಲೆಕ್ಕ ಸರಿ. ಪ್ಯಾರಸಿಟಮಾಲ್ ನೀರಲ್ಲಿ ಸುಲಭವಾಗಿ ಕರಗುವುದಿಲ್ಲ. 500 ಮಿ.ಗ್ರಾಂ ಪುಡಿ 10 ಮಿ.ಲೀ. ತಣ್ಣೀರಲ್ಲಿ ಪೂರ್ತಿ ಕರಗಲಾರದು. ಬಟ್ಟಲನ್ನು ಒಂದೆರಡು ನಿಮಿಷ ಅಲುಗಾಡಿಸದೆ ಇಟ್ಟು ನೋಡಿ, ಅಡಿಯಲ್ಲಿ ಬಿಳಿ ಗಸಿ ಕೂತಿರುತ್ತದೆ. ಅದರಲ್ಲಿ ಔಷಧವೂ ಇದೆ. ಮೇಲಿನ ನೀರು ತೆಗೆದರೆ ಮಗುವಿಗೆ ಕಮ್ಮಿ ಹೋಗುತ್ತದೆ, ಅಡಿಯಿಂದ ತೆಗೆದರೆ ಜಾಸ್ತಿ. ಎಷ್ಟು ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ವೈದ್ಯರೋ ಫಾರ್ಮಸಿಸ್ಟೋ ನಿರ್ದಿಷ್ಟವಾಗಿ ಹೇಳಿಕೊಟ್ಟ ಹೊರತು ಈ ವಿಧಾನ ಬೇಡ.

ಡೋಸ್ ತಪ್ಪುವುದು ಒಂದು ತೊಂದರೆಯಾದರೆ, ಮಾತ್ರೆಯ ಕಟ್ಟಡವನ್ನೇ ಒಡೆದುಹಾಕುವುದು ಅದಕ್ಕಿಂತ ದೊಡ್ಡ ತೊಂದರೆ. ಕೆಲವು ಮಾತ್ರೆಗಳನ್ನು ಔಷಧ ನಿಧಾನವಾಗಿ, ಎಂಟು ಗಂಟೆಯೋ ಇಡೀ ದಿನವೋ ಹೊರಬರುವ ಹಾಗೆ ಮಾಡಿರುತ್ತಾರೆ. ಪುಡಿ ಮಾಡಿದರೆ ಆ ಇಡೀ ಹೊತ್ತಿನ ಔಷಧ ಒಟ್ಟಿಗೇ ಹೊರಬರುತ್ತದೆ. ನೀವು ಕೊಟ್ಟದ್ದು 650. ಪ್ಯಾರಸಿಟಮಾಲ್‌ನಲ್ಲೇ 665 ಅಂತ ಇನ್ನೊಂದು ಮಾತ್ರೆ ಇದೆ. ಎರಡು ಸಂಖ್ಯೆಯೂ ಹತ್ತಿರ ಹತ್ತಿರ, ನಿದ್ದೆಗಣ್ಣಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ 665 ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ದೊಡ್ಡವರ ಕೀಲು ನೋವಿನಂಥದ್ದಕ್ಕೆ ಕೊಡುವಂಥದ್ದು. ಅದನ್ನು ಮಗುವಿಗಾಗಿ ಮುರಿಯುವುದೂ ಬೇಡ, ಪುಡಿ ಮಾಡುವುದೂ ಬೇಡ.

ಇದು ಇನ್ನೂ ಕಷ್ಟ ಕೊಡುವುದು ದಿನಾ ಔಷಧ ತೆಗೆದುಕೊಳ್ಳುವ ಮಕ್ಕಳಲ್ಲಿ. ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್ ನೋಡಿ. ಅದರ ನಿಧಾನ ಬಿಡುಗಡೆಯ ಮಾತ್ರೆಯನ್ನು, ಮಗು ನುಂಗುವುದಿಲ್ಲ ಅಂತ ಪುಡಿ ಮಾಡಿ ಕೊಟ್ಟರು ಅಂತಿಟ್ಟುಕೊಳ್ಳಿ. ರಕ್ತದಲ್ಲಿ ಔಷಧ ಒಮ್ಮೆಲೇ ಏರುತ್ತದೆ, ಮುಂದಿನ ಡೋಸ್ ಬರುವಷ್ಟರಲ್ಲಿ ಇಳಿದುಹೋಗುತ್ತದೆ. ಔಷಧ ಕೊಟ್ಟ ಸ್ವಲ್ಪ ಹೊತ್ತಿಗೆ ಮಗು ತೂಕಡಿಸುತ್ತದೆ, ವಾಂತಿ ಮಾಡಬಹುದು. ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ಫಿಟ್ಸ್ ಬರುತ್ತದೆ. ಮನೆಯವರು ‘ಔಷಧ ತಪ್ಪದೇ ಕೊಡುತ್ತಿದ್ದೇವೆ, ಆದರೂ ಕಮ್ಮಿಯಾಗಿಲ್ಲ’ ಅನ್ನುತ್ತಾರೆ. ಹೇಗೆ ಕೊಡುತ್ತಿದ್ದಾರೆ ಅಂತ ಯಾರೂ ಕೇಳದಿದ್ದರೆ ಡೋಸ್ ಏರಿಸುವ ಸಂಭವವೂ ಇದೆ. ವಾಲ್ಪ್ರೋಯೇಟ್‌ಗೆ ಸಿರಪ್ ಇದೆ. ಮಾತ್ರೆಯಿಂದ ಸಿರಪ್‌ಗೆ ಬದಲಿಸುವಾಗ ದಿನಕ್ಕೆ ಎಷ್ಟು ಸಲ ಕೊಡಬೇಕು ಅನ್ನುವುದು ಬದಲಾಗಬಹುದು, ಅದನ್ನು ವೈದ್ಯರೇ ಹೇಳಬೇಕು.

ಇಂಥ ಮಾತ್ರೆಯನ್ನು ಗುರುತಿಸುವುದು ಹೇಗೆ? ಪಟ್ಟಿಯ ಮೇಲೆ ಹೆಸರಿನ ಪಕ್ಕದ ಅಕ್ಷರ ನೋಡಿ. ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್ ಅಂತ ಇದ್ದರೆ ನಿಧಾನ ಬಿಡುಗಡೆಯದು. ‘ಎಂಟೆರಿಕ್ ಕೋಟೆಡ್’ ಅಥವಾ ‘ಗ್ಯಾಸ್ಟ್ರೋ ರೆಸಿಸ್ಟೆಂಟ್’ ಅಂತ ಇದ್ದರೆ, ಹೊಟ್ಟೆಯ ಆಸಿಡ್ ದಾಟಿ ಕರುಳಿಗೆ ಹೋದ ಮೇಲೆ ಕರಗಲಿ ಅಂತ ಹೊದಿಕೆ ಹಾಕಿದ್ದು. ಪ್ಯಾಂಟೊಪ್ರಜೋಲ್ ಹೀಗೆಯೇ. ಹೊದಿಕೆ ಪುಡಿಯಾದರೆ ಔಷಧವನ್ನು ಆಸಿಡ್ಡೇ ಹಾಳುಮಾಡುತ್ತದೆ, ಕೊಟ್ಟೂ ಕೊಡದ ಹಾಗೆ. ಅಕ್ಷರ ಇಲ್ಲದಿದ್ದರೂ ಸಾದಾ ಮಾತ್ರೆ ಅಂತ ತೀರ್ಮಾನಿಸಬೇಡಿ, ಕೇಳಿ ತಿಳಿದುಕೊಳ್ಳಿ. ಕೇಳುವಾಗ ‘ಮುರಿಯಬಹುದಾ’ ಅಂತ ಒಂದು ಪ್ರಶ್ನೆ, ‘ಪುಡಿ ಮಾಡಬಹುದಾ’ ಅಂತ ಇನ್ನೊಂದು ಪ್ರಶ್ನೆ ಕೇಳಿ. ಗೆರೆಯಲ್ಲಿ ಮುರಿಯಬಹುದಾದರೂ ಪುಡಿ ಮಾಡಬಾರದ ಮಾತ್ರೆಗಳಿವೆ.

ದೊಡ್ಡವರ ಶೀತದ ಮಾತ್ರೆ, ನೋವಿನ ಮಾತ್ರೆಗಳನ್ನು ಮಾತ್ರ ಚೂರೂ ಕೊಡಬೇಡಿ. ಬಹಳಷ್ಟರಲ್ಲಿ ಎರಡು ಮೂರು ಔಷಧ ಸೇರಿರುತ್ತವೆ, ಅಂಥ ಕೆಲವು ಔಷಧ ಮಕ್ಕಳಿಗೆ ಆಗಿಬರುವುದೇ ಇಲ್ಲ. ಜ್ವರಕ್ಕೆ ಆಸ್ಪಿರಿನ್ ಕೂಡ ಬೇಡ. ಫ್ಲೂ, ಚಿಕನ್‌ಪಾಕ್ಸ್‌ನಂಥ ವೈರಸ್ ಜ್ವರದಲ್ಲಿ ಅದು ಮಿದುಳು, ಲಿವರ್ ಎರಡಕ್ಕೂ ಪೆಟ್ಟು ಕೊಡುವ ರೈ ಸಿಂಡ್ರೋಮ್ ತರಬಹುದು.

ಹಾಗಂತ ಪುಡಿ ಮಾಡುವುದು ಯಾವಾಗಲೂ ತಪ್ಪಲ್ಲ. ಹುಟ್ಟಿನಿಂದ ಥೈರಾಯ್ಡ್ ಕೊರತೆ ಇರುವ ಕೂಸಿಗೆ ಥೈರಾಕ್ಸಿನ್ ಮಾತ್ರೆಯನ್ನು ಪುಡಿ ಮಾಡಿ, ಸ್ವಲ್ಪ ನೀರಲ್ಲೋ ಎದೆಹಾಲಲ್ಲೋ ಕಲಸಿ, ಕೂಡಲೇ ಕೊಡಲು ವೈದ್ಯರೇ ಹೇಳುತ್ತಾರೆ. ಅಲ್ಲಿ ಡೋಸ್ ಲೆಕ್ಕ ಹಾಕಿಯೇ ಮಾತ್ರೆ ಬರೆದಿರುತ್ತಾರೆ. ಕಲಸಿದ್ದನ್ನು ಪೂರ್ತಿ ಕುಡಿಸುತ್ತಾರೆ. ಫೀಡಿಂಗ್ ಬಾಟಲಿಗೆ ಹಾಕುವುದಿಲ್ಲ, ಯಾಕೆಂದರೆ ಕೂಸು ಅರ್ಧ ಬಿಟ್ಟರೆ ಔಷಧವೂ ಅರ್ಧ ಉಳಿಯುತ್ತದೆ.

ನಿಮ್ಮ ಮಗಳಿಗೆ ಇರುವ ದಾರಿಗಳನ್ನು ನೋಡೋಣ. ಸಿರಪ್ಪೇ ಮೊದಲ ಆಯ್ಕೆ, ಆದರೆ ಬಾಟಲಿ ಬದಲಾದಾಗ ಎಚ್ಚರ. 5 ಮಿ.ಲೀ.ಯಲ್ಲಿ 120 ಮಿ.ಗ್ರಾಂ ಇರುವ ಸಿರಪ್ ಇದೆ, 250 ಇರುವುದೂ ಇದೆ. ಮೊದಲನೆಯದಾದರೆ ಅವಳಿಗೆ 7.5 ಮಿ.ಲೀ. ಕೊಡಬಹುದು, 180 ಮಿ.ಗ್ರಾಂ ಆಗುತ್ತದೆ. 250ರ ಬಾಟಲಿಯಿಂದಲೂ ಅಷ್ಟೇ ಸುರಿದರೆ 375 ಮಿ.ಗ್ರಾಂ, ಅಂದರೆ ನಿಮ್ಮ ಅರ್ಧ ಮಾತ್ರೆಗಿಂತಲೂ ಜಾಸ್ತಿ! ಅದರಲ್ಲಿ 3.5 ಮಿ.ಲೀ. ಸಾಕು. ಉಗುಳುವ ಮಗುವಿಗೆ ಈ ಗಟ್ಟಿ ಸಿರಪ್ಪೇ ವಾಸಿ, ಕುಡಿಸಬೇಕಾದದ್ದು ಕಮ್ಮಿ. ಔಷಧ ಅಂಗಡಿಯಲ್ಲಿ ಸೂಜಿ ಇಲ್ಲದ ಓರಲ್ ಸಿರಿಂಜ್ ಸಿಗುತ್ತದೆ. ಬಾಟಲಿ ಚೆನ್ನಾಗಿ ಕುಲುಕಿ, ಅದರಲ್ಲಿ ಅಳೆದು, ಮಗುವನ್ನು ನೆಟ್ಟಗೆ ಕೂರಿಸಿ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ನಾಲಿಗೆಯ ಮೇಲೆ ಒಮ್ಮೆಲೇ ಸುರಿದರೆ ಉಗುಳುತ್ತಾಳೆ, ಗಂಟಲಿಗೆ ಚಿಮ್ಮಿಸಿದರೆ ನೆತ್ತಿಗೇರುತ್ತದೆ. ಅಡುಗೆಮನೆಯ ಚಮಚ ಅಳತೆಗೆ ಬೇಡ.

ಸಿರಪ್ ಆಗಲೇ ಇಲ್ಲ ಅಂದರೆ ಮಲದ್ವಾರದಲ್ಲಿ ಇಡುವ ಸಪೋಸಿಟರಿ ಇದೆ. ವಾಂತಿ ಮಾಡುವ ಮಕ್ಕಳಿಗೆ ಅನುಕೂಲ. ಅದರಲ್ಲೂ ಬೇರೆ ಬೇರೆ ಶಕ್ತಿಯವು ಇರುವುದರಿಂದ ತೂಕ ಹೇಳಿ ಕೇಳಿ. ಆಂಟಿಬಯಾಟಿಕ್‌ನಂಥ ಬೇರೆ ಕೆಲವು ಔಷಧಗಳಿಗೆ ನೀರಲ್ಲಿ ಹಾಕಿದರೆ ತಾನೇ ಚದುರುವ ಡಿಸ್ಪರ್ಸಿಬಲ್ ಮಾತ್ರೆಗಳಿವೆ, ಅವನ್ನು ಕುಟ್ಟುವ ಕೆಲಸವೇ ಇಲ್ಲ.

ಮತ್ತೆ ರಾತ್ರಿ ಸಿರಪ್ ಖಾಲಿಯಾದರೆ? ಜ್ವರ ಇದ್ದರೂ ಮಗು ನೀರು ಕುಡಿಯುತ್ತಾ, ಮಾತಾಡುತ್ತಾ ಇದ್ದರೆ ಬೆಳಗಿನವರೆಗೆ ಔಷಧ ಇಲ್ಲದಿದ್ದರೂ ನಡೆಯುತ್ತದೆ. ತೆಳು ಬಟ್ಟೆ ಹಾಕಿ, ಆಗಾಗ ಕುಡಿಯಲು ಕೊಡಿ. ಮಂಕಾಗಿ ಮಲಗಿದರೆ, ಉಸಿರಾಟ ಕಷ್ಟವಾದರೆ, ಏನೂ ಕುಡಿಯದಿದ್ದರೆ, ಫಿಟ್ಸ್ ಬಂದರೆ ಆಗ ಬೇಕಿರುವುದು ಆಸ್ಪತ್ರೆ. ಮನೆಯಲ್ಲಿ ಮಾತ್ರೆ ಹುಡುಕುತ್ತಾ ಕೂರಬೇಡಿ.

ಇನ್ನು ಉಗುಳುವ ವಿಷಯ. ಪ್ಯಾರಸಿಟಮಾಲ್ ಸಿರಪ್ ಕುಡಿಸಿ ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಅಷ್ಟೇ ಡೋಸನ್ನು ಇನ್ನೊಂದು ಸಲ ಕೊಡಬಹುದು. ಅರ್ಧ ಗಂಟೆ ದಾಟಿದ್ದರೆ ಮುಂದಿನ ಹೊತ್ತಿನವರೆಗೂ ಬೇಡ. ಬಾಯಿಂದ ಸ್ವಲ್ಪವೇ ಉಗುಳಿದ್ದರೆ, ಎಷ್ಟು ಒಳಗೆ ಹೋಯಿತು ಅಂತ ಅಂದಾಜು ಮಾಡಿ ಮತ್ತೆ ತುಂಬಿಸಲು ಹೋಗಬೇಡಿ. ಒಂದು ಡೋಸ್‌ನಿಂದ ಇನ್ನೊಂದು ಡೋಸ್‌ಗೆ ಕನಿಷ್ಠ ನಾಲ್ಕು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ದಾಟಿಸಬೇಡಿ. ಕೊಟ್ಟ ಹೊತ್ತನ್ನು ಬಾಟಲಿಯ ಡಬ್ಬದ ಮೇಲೇ ಬರೆದಿಡಿ, ಮನೆಯಲ್ಲಿ ಇನ್ನೊಬ್ಬರು ಗೊತ್ತಿಲ್ಲದೆ ಮತ್ತೆ ಕೊಡುವುದು ತಪ್ಪುತ್ತದೆ.